ಅಲುಗಾಡುವ ವಿಡಿಯೊದಲ್ಲಿ ಮುಖ ಬದಲಿಸುವ ಮುನ್ನ

2010ರಲ್ಲಿ ಬಂದ ‘ದಿ ಸೋಷಿಯಲ್ ನೆಟ್‌ವರ್ಕ್’ ಚಿತ್ರದಲ್ಲಿ ಅವಳಿ ಸಹೋದರರಿಬ್ಬರ ಪಾತ್ರವಿದೆ. ತೆರೆಯ ಮೇಲೆ ಎರಡೂ ಮುಖಗಳು ಆರ್ಮಿ ಹ್ಯಾಮರ್ ಎಂಬ ಒಬ್ಬನೇ ನಟನದು. ಒಬ್ಬ ಸಹೋದರನ ದೇಹ ಮಾತ್ರ ಜೋಶ್ ಪೆನ್ಸ್ ಎಂಬ ಇನ್ನೊಬ್ಬ ನಟನದು. ಅವನ ಮುಖದ ಜಾಗದಲ್ಲಿ ಹ್ಯಾಮರ್ ಮುಖವನ್ನು ಆಮೇಲೆ ಕೂರಿಸಿದರು. ನಮ್ಮ ಕಿರುಚಿತ್ರಗಳಲ್ಲೂ ಇಂಥ ಅಗತ್ಯ ಬರುತ್ತದೆ. ಆದರೆ ನಮ್ಮ ಕೈಯಲ್ಲಿರುವುದು ಮೊಬೈಲ್; ಕೈ ನಡುಗಿದರೆ ಚಿತ್ರವೂ ನಡುಗುತ್ತದೆ. ಅಂಥ ಚಿತ್ರದಲ್ಲಿ ಹೊಸ ಮುಖ ನಿಲ್ಲಬೇಕಾದರೆ ಕೆಲಸದ ಕ್ರಮ ಸರಿಯಾಗಿರಬೇಕು. ಮೊದಲು ನಡುಕವನ್ನು ತೆಗೆಯಬೇಕು, ನಂತರ ಮುಖ ಕೂರಿಸಬೇಕು, ಕೊನೆಗೆ ಅದೇ ನಡುಕವನ್ನು ವಾಪಸು ಕೊಡಬೇಕು.

ಒಂದು ದೃಶ್ಯವನ್ನು ಎತ್ತಿಕೊಳ್ಳೋಣ. ಹುಡುಗನೊಬ್ಬ ಕಾಲೇಜಿನ ವರಾಂಡದಲ್ಲಿ ಕ್ಯಾಮೆರಾದ ಕಡೆಗೆ ಓಡಿ ಬರುತ್ತಾನೆ. ಓಡುವವನು ಬದಲಿ ನಟ. ಕಾಣಬೇಕಾದದ್ದು ನಾಯಕನ ಮುಖ. ದೃಶ್ಯ 4 ಸೆಕೆಂಡಿನದು, ಸೆಕೆಂಡಿಗೆ 30 ಫ್ರೇಮ್, ಅಂದರೆ 120 ಚಿತ್ರಗಳು. ಕ್ಯಾಮೆರಾದವನು ಹಿಂದಕ್ಕೆ ಹೆಜ್ಜೆ ಇಡುತ್ತಾ ಚಿತ್ರೀಕರಿಸಿದ್ದಾನೆ. ಈ ಕೆಲಸಕ್ಕೆ ಉಚಿತವಾಗಿ ಸಿಗುವ ಬ್ಲೆಂಡರ್ ಸಾಫ್ಟ್‌ವೇರ್ ಸಾಕು.

ಚಿತ್ರೀಕರಣದಲ್ಲೇ ಮಾಡಿಕೊಳ್ಳಬೇಕಾದ ಎರಡು ಸಿದ್ಧತೆಗಳಿವೆ. ಬದಲಿ ನಟನ ಹಣೆಯ ಮೇಲೆ, ಎರಡೂ ಕೆನ್ನೆಯ ಮೂಳೆಗಳ ಮೇಲೆ, ಎರಡು ಕಣ್ಣುಗಳ ನಡುವೆ ಕಾಡಿಗೆ ಪೆನ್ಸಿಲಿನಿಂದ ಸಣ್ಣ ಚುಕ್ಕೆಗಳನ್ನು ಇಡಿ. ಆ ಮುಖ ಹೇಗೂ ಮುಚ್ಚಿಹೋಗುವುದರಿಂದ ಚುಕ್ಕೆ ಕಂಡರೂ ತೊಂದರೆಯಿಲ್ಲ. ಎರಡನೆಯದಾಗಿ, ಮೊಬೈಲಿನ ಸ್ಟೆಬಿಲೈಸೇಷನ್ ಆಯ್ಕೆಯನ್ನು ಆಫ್ ಮಾಡಿ. ಮೊಬೈಲ್ ಒಂದೊಂದು ಫ್ರೇಮನ್ನೂ ಬೇರೆ ಬೇರೆ ರೀತಿ ಕತ್ತರಿಸಿ, ಎಳೆದು ಸರಿಪಡಿಸುತ್ತದೆ. ಎಷ್ಟು ಎಳೆಯಿತು ಎಂಬ ಲೆಕ್ಕ ನಮಗೆ ಸಿಗುವುದಿಲ್ಲ. ಲೆಕ್ಕವಿಲ್ಲದ ನಡುಕವನ್ನು ತಿರುಗಿ ಕೊಡಲು ಆಗುವುದಿಲ್ಲ.

ಮೊಬೈಲ್ ವಿಡಿಯೊದಲ್ಲಿ ಫ್ರೇಮುಗಳ ನಡುವಿನ ಅಂತರ ಒಂದೇ ಸಮನಾಗಿರುವುದಿಲ್ಲ. ಆದ್ದರಿಂದ ಮೊದಲು ವಿಡಿಯೊವನ್ನು ಸಮ ಅಂತರದ ಬಿಡಿ ಚಿತ್ರಗಳಾಗಿ ಬದಲಿಸಿಕೊಳ್ಳಿ:

```
ffmpeg -i ota.mp4 -vf fps=30 frame_%04d.png
```

ಈಗ ನಡುಕ ತೆಗೆಯುವ ಹಂತ. ನೋಡುಗರ ಕಣ್ಣಿಗೆ ಹಿತವಾಗಲಿ ಎಂದು ಇದನ್ನು ಮಾಡುತ್ತಿಲ್ಲ. ಟ್ರ್ಯಾಕರ್ ಒಂದು ಚುಕ್ಕೆಯನ್ನು ಹಿಂದಿನ ಫ್ರೇಮಿನಲ್ಲಿದ್ದ ಜಾಗದ ಸುತ್ತ ಒಂದು ಸಣ್ಣ ಚೌಕದಲ್ಲಿ ಮಾತ್ರ ಹುಡುಕುತ್ತದೆ. ನಡುಕದಿಂದ ಮುಖವು ಒಂದೇ ಫ್ರೇಮಿನಲ್ಲಿ 40 ಪಿಕ್ಸೆಲ್ ಜಿಗಿದರೆ ಚುಕ್ಕೆ ಚೌಕದ ಹೊರಗೆ ಹೋಗುತ್ತದೆ, ಟ್ರ್ಯಾಕರ್ ಪಕ್ಕದ ಚುಕ್ಕೆಯನ್ನೇ ಇದೆಂದು ಹಿಡಿದುಕೊಳ್ಳುತ್ತದೆ. ಹಾಗಾಗಿ ಹಣೆಯ ಎರಡು ಚುಕ್ಕೆಗಳನ್ನು ಮಾತ್ರ ಮೊದಲು ಟ್ರ್ಯಾಕ್ ಮಾಡಿ. ತಪ್ಪಿದ ಕಡೆ ಕೈಯಿಂದಲೇ ಸರಿಯಾದ ಜಾಗಕ್ಕೆ ತನ್ನಿ. ಆ ಎರಡನ್ನು `2D Stabilization` ಫಲಕಕ್ಕೆ ಸೇರಿಸಿದರೆ, ಮೇಲೆ ಕೆಳಗೆ, ಅಕ್ಕಪಕ್ಕದ ಚಲನೆ ಮತ್ತು ತಿರುಗುವಿಕೆ ಕಳೆದುಹೋಗುತ್ತದೆ. ಮುಖ ಪರದೆಯ ಒಂದೇ ಜಾಗದಲ್ಲಿ ನಿಲ್ಲುತ್ತದೆ, ಹಿಂದಿನ ವರಾಂಡ ಕುಣಿಯುತ್ತದೆ. ಅದು ಸರಿಯಾದ ಲಕ್ಷಣವೇ. ಈ ಚಿತ್ರಗಳನ್ನು ಹೊಸ ಕಡತಗಳಾಗಿ ಉಳಿಸಿಕೊಳ್ಳಿ.

ನಿಂತ ಮುಖದಲ್ಲೂ ಎರಡು ಬದಲಾವಣೆಗಳು ಉಳಿದಿರುತ್ತವೆ: ಹತ್ತಿರ ಬಂದಂತೆ ಮುಖ ದೊಡ್ಡದಾಗುತ್ತದೆ, ತಲೆ ಸ್ವಲ್ಪ ಸ್ವಲ್ಪವೇ ವಾಲುತ್ತದೆ. ಇದನ್ನು ಹಿಡಿಯುವುದೇ ಪ್ಲೇನಾರ್ ಟ್ರ್ಯಾಕಿಂಗ್. ಮುಖದ ಮುಂಭಾಗವನ್ನು ಒಂದು ಸಮತಲ ಎಂದು ಭಾವಿಸಿ, ಒಂದು ಪುಸ್ತಕದ ರಟ್ಟನ್ನು ಅದಕ್ಕೆ ಅಂಟಿಸಿದಂತೆ ಯೋಚಿಸಿ. ರಟ್ಟು ಎಷ್ಟೇ ವಾಲಿದರೂ ಅದರ ನಾಲ್ಕು ಮೂಲೆಗಳು ಪರದೆಯ ಮೇಲೆ ಎಲ್ಲಿವೆ ಎಂದು ತಿಳಿದರೆ ಉಳಿದೆಲ್ಲ ಬಿಂದುಗಳೂ ತಿಳಿಯುತ್ತವೆ. ಒಂದು ಸಮತಲ ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾಗುವುದನ್ನು ಹೇಳಲು 8 ಸಂಖ್ಯೆಗಳು ಬೇಕು. ಒಂದು ಬಿಂದು x ಮತ್ತು y ಎಂದು ಎರಡು ಸಂಖ್ಯೆ ಕೊಡುತ್ತದೆ. ಅದಕ್ಕೇ ಕನಿಷ್ಠ ನಾಲ್ಕು ಚುಕ್ಕೆಗಳು ಬೇಕು. ನಡುಕ ಹೋದ ಚಿತ್ರದಲ್ಲಿ ಹಣೆ ಮತ್ತು ಕೆನ್ನೆಯ ಆರು ಚುಕ್ಕೆಗಳನ್ನು ಟ್ರ್ಯಾಕ್ ಮಾಡಿ, ಎಲ್ಲವನ್ನೂ ಆರಿಸಿ `Create Plane Track` ಒತ್ತಿ. ತುಟಿ, ಹುಬ್ಬುಗಳು ತಾವಾಗಿಯೇ ಅಲುಗುತ್ತವೆ, ಮೂಗಿನ ತುದಿ ಸಮತಲದಿಂದ ಹೊರಗೆ ಚಾಚಿರುತ್ತದೆ, ಇವನ್ನು ಆರಿಸಬಾರದು.

ಟ್ರ್ಯಾಕ್ ಸರಿಯಾಗಿದೆಯೇ ಎಂದು ತಿಳಿಯಲು ನೇರವಾಗಿ ಮುಖ ಹಚ್ಚಬೇಡಿ. ಮೊದಲು ಚದುರಂಗದ ಹಾಸಿನಂಥ ಚೌಕಗಳ ಚಿತ್ರವನ್ನು ಹಚ್ಚಿ ಓಡಿಸಿ. ಚೌಕಗಳು ಚರ್ಮಕ್ಕೆ ಅಂಟಿದಂತಿದ್ದರೆ ಸರಿ. ಜಾರಿದರೆ ಯಾವುದೋ ಚುಕ್ಕೆ ತಪ್ಪಿದೆ. ಆ ಚುಕ್ಕೆಯನ್ನು ಕೊನೆಯ ಫ್ರೇಮಿನಿಂದ ಹಿಂದಕ್ಕೆ ಟ್ರ್ಯಾಕ್ ಮಾಡಿ ನೋಡಿ. ಓಟದಲ್ಲಿ ಮುಖ ಕೊನೆಯಲ್ಲೇ ದೊಡ್ಡದಾಗಿ ಕಾಣುವುದರಿಂದ ಅಲ್ಲಿಂದ ಆರಂಭಿಸಿದರೆ ಹಿಡಿತ ಚೆನ್ನಾಗಿರುತ್ತದೆ. ಒಂದು ಕೆನ್ನೆ ಮರೆಯಾಗುವಷ್ಟು ತಲೆ ತಿರುಗಿದರೆ ಮಾತ್ರ ಯಾವ ತಿದ್ದುಪಡಿಯೂ ಸಾಲದು, ಏಕೆಂದರೆ ಅಲ್ಲಿ ಮುಖ ಸಮತಲವಾಗಿ ಉಳಿದಿಲ್ಲ. ಆ ಜಾಗದಲ್ಲಿ ದೃಶ್ಯವನ್ನು ಕತ್ತರಿಸುವುದೇ ದಾರಿ.

ಈಗ ನಾಯಕನ ಮುಖ. ಅವನನ್ನು ಕೂರಿಸಿ, ಅದೇ ಎತ್ತರದಿಂದ, ಬೆಳಕು ಅದೇ ದಿಕ್ಕಿನಿಂದ ಬೀಳುವಂತೆ ಟ್ರೈಪಾಡ್ ಮೇಲೆ ಚಿತ್ರೀಕರಿಸಿ. ತೀರಾ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆ, ದೂರದ ದೇಹಕ್ಕೆ ಹೊಂದುವುದಿಲ್ಲ. ಅಂಚುಗಳನ್ನು ಮೃದುವಾಗಿ ಕತ್ತರಿಸಿದ ಆ ಮುಖವನ್ನು `Plane Track Deform` ಮೂಲಕ ಸಮತಲಕ್ಕೆ ಹಚ್ಚಿ.

ಕೊನೆಯ ಹಂತದಲ್ಲಿ ಹಲವರು ಇಡೀ ಫ್ರೇಮಿಗೆ ನಡುಕವನ್ನು ವಾಪಸು ಕೊಡುತ್ತಾರೆ. ಹಾಗೆ ಮಾಡಿದರೆ ಅಂಚುಗಳಲ್ಲಿ ಕಪ್ಪು ಪಟ್ಟಿ ಬರುತ್ತದೆ, ಚಿತ್ರವೂ ಮಂಕಾಗುತ್ತದೆ. ಹಚ್ಚಿದ ಮುಖದ ತುಂಡನ್ನು ಮಾತ್ರ `Stabilize 2D` ನೋಡ್‌ಗೆ ಕೊಟ್ಟು `Invert` ಆರಿಸಿ, ಅಲ್ಲಿ ಮೊದಲಿನ ಅಲುಗಾಡುವ ಕ್ಲಿಪ್ಪನ್ನೇ ಸೂಚಿಸಿ. ಬಂದ ತುಂಡನ್ನು ಮೂಲ ಚಿತ್ರದ ಮೇಲೆ ಇಡಿ. ಮೂಲ ಚಿತ್ರ ಎಲ್ಲೂ ಕೆಡುವುದಿಲ್ಲ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ನಡುಕ ತೆಗೆದರೂ ಅದು ಉಂಟುಮಾಡಿದ ಮಸುಕು ಹೋಗಿರುವುದಿಲ್ಲ. ಶಟರ್ 1/60 ಸೆಕೆಂಡ್ ತೆರೆದಿದ್ದರೆ ಅದು ಒಂದು ಫ್ರೇಮಿನ ಅರ್ಧ ಅವಧಿ. ಆ ಫ್ರೇಮಿನಲ್ಲಿ ಮುಖ 20 ಪಿಕ್ಸೆಲ್ ಸರಿದಿದ್ದರೆ ದೇಹ ಸುಮಾರು 10 ಪಿಕ್ಸೆಲ್ ಮಸುಕಾಗಿರುತ್ತದೆ, ಟ್ರೈಪಾಡಿನ ಮುಖ ಮಾತ್ರ ಸ್ಪಷ್ಟವಾಗಿರುತ್ತದೆ. ಹೊಸ ಮುಖಕ್ಕೂ ಅದೇ ದಿಕ್ಕಿನಲ್ಲಿ ಅಷ್ಟೇ ಮಸುಕು ಕೊಡಬೇಕು. ಶಟರನ್ನು 1/120 ಇಟ್ಟು ತೆಗೆದರೆ ಮಸುಕು 5 ಪಿಕ್ಸೆಲ್‌ಗೆ ಇಳಿಯುತ್ತದೆ, ಕೆಲಸವೂ ಹಗುರಾಗುತ್ತದೆ. ಬೆಳಕು ಮಾತ್ರ ಹೆಚ್ಚು ಬೇಕು.

ಮುಖ ಕೊಡುವವನ, ದೇಹ ಕೊಡುವವನ ಇಬ್ಬರ ಒಪ್ಪಿಗೆಯನ್ನೂ ಚಿತ್ರೀಕರಣಕ್ಕೆ ಮೊದಲೇ ಬರೆಸಿಕೊಳ್ಳಿ. ಒಪ್ಪಿಗೆಯಿಲ್ಲದೆ ಒಬ್ಬರ ಮುಖವನ್ನು ಇನ್ನೊಬ್ಬರ ಮೈಮೇಲೆ ಇಡುವುದು ಸುಳ್ಳುಸಾಕ್ಷಿ ಹೇಳಿದಂತೆ. ಯಾರದೋ ಮಾನ ಕಳೆಯುವ ವಿಡಿಯೊ ಮೊಬೈಲಿಗೆ ಬಂದಾಗ ಇದೇ ವಿದ್ಯೆ ಪರೀಕ್ಷೆಗೂ ಒದಗುತ್ತದೆ. ಕ್ಯಾಮೆರಾ ಜೋರಾಗಿ ನಡುಗುವ ಜಾಗದಲ್ಲಿ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ಹೋಗಿ. ಕಿವಿ ಮಸುಕಾಗಿದ್ದು ಕೆನ್ನೆ ಸ್ಪಷ್ಟವಾಗಿದೆಯೇ? ಮುಖ ಹಣೆಯ ಅಂಚಿನಲ್ಲಿ ಜಾರುತ್ತಿದೆಯೇ? ಹಾಗಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ಇವು ಕಾಣದಿದ್ದ ಮಾತ್ರಕ್ಕೆ ವಿಡಿಯೊ ನಿಜವೆಂದೂ ಅಲ್ಲ. ಕೆಲಸ ಬಲ್ಲವನು ಈ ಗುರುತುಗಳನ್ನು ಅಳಿಸಿರಬಹುದು.