ಟೇಬಲ್ ಬಾಡಿಗೆಗೆ ಹಿಡಿಯುವ ಮುನ್ನ ಕ್ಯಾಲೆಂಡರ್ ನೋಡಿ

ಮಕ್ಕಳು ಶಾಲೆಗೆ ಹೋದರು, ಯಜಮಾನರು ಕೆಲಸಕ್ಕೆ ಹೊರಟರು. ಊಟದ ಟೇಬಲ್ ಒರೆಸಿ ಲ್ಯಾಪ್‌ಟಾಪ್ ತೆರೆದಿದ್ದೀರಿ. ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಗ್ಯಾಸಿನವನು ಬಾಗಿಲು ಬಡಿಯುತ್ತಾನೆ, ಫೋನಿನಲ್ಲಿ ಲೆಕ್ಕ ಹೇಳುತ್ತಿದ್ದ ಅಂಗಡಿಯವರು “ಅಕ್ಕಾರ, ಗದ್ದಲ ಭಾಳ ಐತ್ರಿ, ಆಮ್ಯಾಲ ಮಾಡ್ತೀನಿ” ಅಂತ ಇಟ್ಟುಬಿಡುತ್ತಾರೆ. ಮನೆಯಿಂದಲೇ ನಾಲ್ಕು ಕಾಸು ದುಡಿಯುವ ಹೆಣ್ಣುಮಕ್ಕಳಿಗೆ ಇದು ದಿನದ ಪಾಡು.

ಇದಕ್ಕೊಂದು ದಾರಿ ಕೋ-ವರ್ಕಿಂಗ್, ಅಂದರೆ ಹತ್ತಾರು ಜನ ಹಂಚಿಕೊಂಡು ಕೂರುವ ಆಫೀಸು. ಕರೆಂಟು, ಇಂಟರ್‌ನೆಟ್, ಫ್ಯಾನು, ಕುರ್ಚಿ ಎಲ್ಲಾ ಅವರದೇ. ನೀವು ತಿಂಗಳಿಗಿಷ್ಟು ಕೊಟ್ಟು ಹೋಗಿ ಕೂತರಾಯಿತು. ಬೆಂಗಳೂರಿನಲ್ಲಿ ಇದು ಹಳೆಯ ಮಾತು. ರಾಯಚೂರಿನಲ್ಲಿ ಕೂರಲು ಜಾಗ ಹುಡುಕುವಾಗಲೂ ನಿಮ್ಮ ಕೈಗೆ ಬರುವ ದರಪಟ್ಟಿ ಹೆಚ್ಚೂಕಡಿಮೆ ಅದೇ ಮಾದರಿಯದು. ಅದರಲ್ಲಿ ತಿಂಗಳ ಬಾಡಿಗೆ ದಪ್ಪ ಅಕ್ಷರದಲ್ಲಿ ಇರುತ್ತದೆ. ಮೀಟಿಂಗ್ ರೂಮು, ಅತಿಥಿಗಳ ನಿಯಮ ಮಾತ್ರ ಕೆಳಗೆ ಸಣ್ಣ ಅಕ್ಷರದಲ್ಲಿ. ನಿಮ್ಮ ದುಡ್ಡು ಸೋರುವುದು ಆ ಸಣ್ಣ ಅಕ್ಷರದಲ್ಲೇ!

ಹಾಟ್ ಡೆಸ್ಕ್ ಅಂದ್ರೆ ಬಿಸಿ ಟೇಬಲ್ಲಾ?

ಹೆಸರು ಕೇಳಿ ಗಾಬರಿ ಬೇಡ. ಹಾಟ್ ಡೆಸ್ಕ್ ಅಂದರೆ ಯಾವ ಕುರ್ಚಿಯೂ ನಿಮ್ಮದಲ್ಲ, ಖಾಲಿ ಇದ್ದದ್ದರಲ್ಲಿ ಕೂರಬಹುದು. ಒಬ್ಬರು ಎದ್ದ ಬಿಸಿ ಆರುವ ಮುನ್ನ ಇನ್ನೊಬ್ಬರು ಕೂರುತ್ತಾರೆ ಅಂದುಕೊಳ್ಳಿ. ಸಂಜೆ ನಿಮ್ಮ ಸಾಮಾನೆಲ್ಲ ಎತ್ತಿಕೊಂಡು ಹೊರಡಬೇಕು. ಡೆಡಿಕೇಟೆಡ್ ಡೆಸ್ಕ್ ಅಂದರೆ ನಿಮಗೇ ಮೀಸಲಾದ ಟೇಬಲ್. ಬೀಗದ ಡ್ರಾಯರ್ ಇರುತ್ತದೆ, ಫೈಲು ಅಲ್ಲೇ ಬಿಟ್ಟು ಬರಬಹುದು. ಇವೆರಡರ ಜೊತೆಗೆ ಡೇ ಪಾಸ್ ಅಂತ ಇನ್ನೊಂದಿದೆ. ಹೋದ ದಿನಕ್ಕೆ ಮಾತ್ರ ದುಡ್ಡು.

ಕೋ-ವರ್ಕಿಂಗ್ ಎಂಬ ಈ ಪದ್ಧತಿ ಈಗಿನ ರೂಪದಲ್ಲಿ ಶುರುವಾಗಿದ್ದು 2005ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬ್ರಾಡ್ ನ್ಯೂಬರ್ಗ್ ಎಂಬ ತರುಣ, ಸ್ಪೈರಲ್ ಮ್ಯೂಸ್ ಎಂಬ ಮಹಿಳಾ ಕೂಟದ ಮನೆಯನ್ನು ವಾರಕ್ಕೆ ಎರಡು ದಿನ ಬಾಡಿಗೆಗೆ ಪಡೆದ. ಬೆಳಗ್ಗೆ ಮಡಚುವ ಟೇಬಲ್ ಬಿಚ್ಚಿ ಇಡುವುದು, ಸಂಜೆ ಮತ್ತೆ ಮಡಚಿ ತೆಗೆಯುವುದು. ಅಲ್ಲಿ ಇದ್ದದ್ದು ಇಂದಿನ ಹಾಟ್ ಡೆಸ್ಕೇ. ವಾರಕ್ಕೆ ಎರಡೇ ದಿನ ಎಂಬುದನ್ನು ನೆನಪಿಡಿ. ನಮ್ಮ ಲೆಕ್ಕವೂ ಅಲ್ಲಿಂದಲೇ ಶುರು.

ಆಸೆಯ ದಿನ, ಹೋಗುವ ದಿನ

ಮಾನ್ವಿಯಲ್ಲಿ ಮನೆ ಇರುವ ಒಬ್ಬ ಗೃಹಿಣಿ ಅಂತ ಇಟ್ಟುಕೊಳ್ಳಿ. ಬಿ.ಕಾಂ. ಓದಿದ್ದಾರೆ. ಎಂಟು ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ತುಂಬಿಕೊಡುತ್ತಾರೆ. ಕೆಲವು ಅಂಗಡಿ ರಾಯಚೂರಿನವು, ಕೆಲವು ದೇವದುರ್ಗದವು. ಎರಡೂ ಊರಿನವರಿಗೆ ಅನುಕೂಲ ಆಗಲಿ ಅಂತ ರಾಯಚೂರಿನಲ್ಲಿ ಒಂದು ಟೇಬಲ್ ಬೇಕು. ಮಾನ್ವಿಯಿಂದಾಗಲಿ ದೇವದುರ್ಗದಿಂದಾಗಲಿ ರಾಯಚೂರಿಗೆ 50 ಕಿ.ಮೀ. ಆಸುಪಾಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಖರ್ಚಾಗುವುದು ಹೊತ್ತು ಮಾತ್ರ.

ದರ ಊರಿಂದ ಊರಿಗೆ, ಕಟ್ಟಡದಿಂದ ಕಟ್ಟಡಕ್ಕೆ ಬೇರೆ. ಲೆಕ್ಕ ತಿಳಿಯಲಿ ಅಂತ ಒಂದು ಮಾದರಿ ಹಿಡಿಯೋಣ. ಡೇ ಪಾಸ್ ದಿನಕ್ಕೆ 250 ರೂಪಾಯಿ, ಹಾಟ್ ಡೆಸ್ಕ್ ತಿಂಗಳಿಗೆ 3,000, ಡೆಡಿಕೇಟೆಡ್ ಡೆಸ್ಕ್ 4,500. ನಿಮಗೆ ಸಿಕ್ಕ ದರಪಟ್ಟಿಯ ಅಂಕಿಗಳನ್ನು ಈ ಜಾಗದಲ್ಲಿ ಇಟ್ಟು ನೋಡಿ.

ಮೊದಲು 3,000ವನ್ನು 250ರಿಂದ ಭಾಗಿಸಿ. 12 ಬಂತು. ತಿಂಗಳಿಗೆ 12 ದಿನಕ್ಕಿಂತ ಹೆಚ್ಚು ಹೋದರೆ ಹಾಟ್ ಡೆಸ್ಕ್ ಲಾಭ, ಕಡಿಮೆ ಹೋದರೆ ಡೇ ಪಾಸೇ ವಾಸಿ. ನಮ್ಮ ಗೃಹಿಣಿ ವಾರಕ್ಕೆ ಮೂರು ದಿನ ಹೋಗುತ್ತೇನೆ ಅಂದುಕೊಂಡಿದ್ದಾರೆ. ಅಂದರೆ 13 ದಿನ. ಆದರೆ ಮಗುವಿಗೆ ಜ್ವರ ಬರುತ್ತದೆ, ಮನೆಗೆ ನೆಂಟರು ಬರುತ್ತಾರೆ, ಹಬ್ಬ ಬರುತ್ತದೆ. ಕಳೆದ ತಿಂಗಳ ಕ್ಯಾಲೆಂಡರ್ ತೆಗೆದು, ಬೆಳಗ್ಗೆ ಒಂಬತ್ತಕ್ಕೆ ನಿಜವಾಗಿ ಮನೆ ಬಿಡಬಹುದಾಗಿದ್ದ ದಿನಗಳಿಗೆ ಸುತ್ತು ಹಾಕಿದರೆ 10 ಸಿಕ್ಕಿತು. ಆಸೆಯ ದಿನ 13, ಹೋಗುವ ದಿನ 10. ಟೇಬಲ್ ಆರಿಸಬೇಕಾದದ್ದು ಈ 10ಕ್ಕೆ.

ಇನ್ನೊಂದು ಮಾತು. ದಿನಗಳು ತಿಂಗಳಲ್ಲಿ ಸಮನಾಗಿ ಹರಡಿರುವುದಿಲ್ಲ. ತಿಂಗಳಿಗೊಮ್ಮೆ ರಿಟರ್ನ್ ತುಂಬುವವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು ಗಡುವು. ಈ ಕೆಲಸದವರೆಲ್ಲ ಆ ಹೊತ್ತಿಗೇ ಬರುತ್ತಾರೆ. ಹಾಟ್ ಡೆಸ್ಕಿನಲ್ಲಿ ಕುರ್ಚಿಗಿಂತ ಸದಸ್ಯರು ಹೆಚ್ಚು ಇರುವುದು ಸಾಮಾನ್ಯ. ಎಲ್ಲರೂ ಒಂದೇ ದಿನ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ದರ ನಿಂತಿದೆ. ಹಾಗಾಗಿ “ಎಷ್ಟು ಕುರ್ಚಿ ಅದಾವ್ರಿ, ಎಷ್ಟು ಮಂದಿ ಸದಸ್ಯರಿದ್ದಾರ?” ಅಂತ ನೇರ ಕೇಳಿ. ಉತ್ತರ ಹಾರಿಸಿದರೆ 19ನೇ ತಾರೀಖು ಮಧ್ಯಾಹ್ನ ಒಮ್ಮೆ ಹೋಗಿ ನೀವೇ ಎಣಿಸಿ.

ಮೀಟಿಂಗ್ ರೂಮಿನ ಗಡಿಯಾರ

ಈಗ ಸಣ್ಣ ಅಕ್ಷರಕ್ಕೆ ಬನ್ನಿ. ನಮ್ಮ ಮಾದರಿಯಲ್ಲಿ ಹಾಟ್ ಡೆಸ್ಕಿನವರಿಗೆ ತಿಂಗಳಿಗೆ 2 ಗಂಟೆ ಮೀಟಿಂಗ್ ರೂಮು ಉಚಿತ, ಡೆಡಿಕೇಟೆಡ್‌ನವರಿಗೆ 6 ಗಂಟೆ, ಡೇ ಪಾಸಿನವರಿಗೆ ಏನೂ ಇಲ್ಲ. ಮೇಲಿನ ಪ್ರತಿ ಗಂಟೆಗೆ 300 ರೂಪಾಯಿ.

ಎಂಟು ಅಂಗಡಿಯವರು ತಿಂಗಳಿಗೊಮ್ಮೆ ಅರ್ಧ ಗಂಟೆ ಬಂದು ಕೂತು ಮಾತಾಡಬೇಕು. ಅಂದರೆ ನಾಲ್ಕೇ ಗಂಟೆ ಅಲ್ಲವೇ? ಅಲ್ಲ! ಬುಕಿಂಗ್ ಒಂದು ಗಂಟೆಯ ಲೆಕ್ಕದಲ್ಲೇ ಇದ್ದರೆ, ಅರ್ಧ ಗಂಟೆ ಕೂತರೂ ಒಂದು ಗಂಟೆ ಕಳೆಯುತ್ತದೆ. ಬೇರೆ ಬೇರೆ ದಿನ ಒಬ್ಬೊಬ್ಬರನ್ನು ಕರೆದರೆ 8 ಗಂಟೆ ಆಯಿತು. ಹಾಟ್ ಡೆಸ್ಕಿನ 3,000ದ ಮೇಲೆ ಹೆಚ್ಚಿನ 6 ಗಂಟೆಗೆ 1,800 ಸೇರಿ 4,800. ಅಗ್ಗ ಅಂತ ಹಿಡಿದ ಟೇಬಲ್ ಡೆಡಿಕೇಟೆಡ್ ಟೇಬಲ್ಲಿನ ಬಾಡಿಗೆಯನ್ನೇ ದಾಟಿತು.

ಉಪಾಯ ಸುಲಭ. ಇಬ್ಬಿಬ್ಬರನ್ನು ಒಂದೇ ಗಂಟೆಗೆ ಜೋಡಿಸಿ, ಮೊದಲರ್ಧ ಒಬ್ಬರಿಗೆ, ಎರಡನೇ ಅರ್ಧ ಇನ್ನೊಬ್ಬರಿಗೆ. ಆಗ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಹಾಟ್ ಡೆಸ್ಕ್‌ಗೆ 3,600. 10 ದಿನದ ಡೇ ಪಾಸ್ ಆದರೆ 2,500, ರೂಮಿಗೆ 1,200, ಒಟ್ಟು 3,700. ಬರೀ ದಿನ ಎಣಿಸಿದಾಗ ಡೇ ಪಾಸ್ ಗೆದ್ದಿತ್ತು. ರೂಮಿನ ಗಂಟೆ ಸೇರಿದ ಮೇಲೆ ಹಾಟ್ ಡೆಸ್ಕ್ ನೂರು ರೂಪಾಯಿಯಿಂದ ಮುಂದೆ ಬಂತು ನೋಡಿ.

ಜೋಡಿಸುವಾಗ ಬಸ್ಸಿನ ಹೊತ್ತು ಮರೆಯಬೇಡಿ. ದೇವದುರ್ಗದ ಗೊಬ್ಬರದ ಅಂಗಡಿಯವರಿಗೆ 11ಕ್ಕೆ ರೂಮು ಹಿಡಿದಿದ್ದೀರಿ. 11ಕ್ಕೆ ಅವರ ಫೋನು, “ಅಕ್ಕಾರ, ಬಸ್ ಈಗ ಊರು ಬಿಟ್ಟೈತ್ರಿ.” ರೂಮಿನ ಗಡಿಯಾರ ಮಾತ್ರ ನೀವು ಬುಕ್ ಮಾಡಿದ ಹೊತ್ತಿಗೇ ಓಡಲು ಶುರು. ಅವರು ಬರುವ ಹೊತ್ತಿಗೆ ಗಂಟೆ ಮುಗಿದು, ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಆದ್ದರಿಂದ ಮೊದಲ ಅರ್ಧ ಗಂಟೆ ರಾಯಚೂರಿನವರಿಗೇ ಕೊಡಿ, ಹೊರ ಊರಿನವರಿಗೆ ಎರಡನೇ ಅರ್ಧ. ಬುಕಿಂಗ್ ರದ್ದು ಮಾಡಲು ಎಷ್ಟು ಗಂಟೆ ಮುಂಚೆ ಹೇಳಬೇಕು, ಉಳಿದ ಗಂಟೆ ಮುಂದಿನ ತಿಂಗಳಿಗೆ ಸೇರುತ್ತದೆಯೇ ಎಂಬುದನ್ನೂ ಕೇಳಿ. ಬಹುತೇಕ ಕಡೆ ಸೇರುವುದಿಲ್ಲ.

ಬಂದವರು ಎಲ್ಲಿ ಕೂರಬೇಕು?

ಮನೆಗೆ ಬಂದವರನ್ನು “ಬರ್ರಿ, ಕುಂದರ್ರಿ” ಅನ್ನುವುದು ನಮ್ಮ ಪದ್ಧತಿ. ಇಲ್ಲಿ ಹಾಗಲ್ಲ. ಅತಿಥಿ ಮೊದಲು ಬಾಗಿಲಲ್ಲಿ ಪುಸ್ತಕಕ್ಕೆ ಹೆಸರು ಬರೆಯಬೇಕು, ಕೆಲವೆಡೆ ಗುರುತಿನ ಚೀಟಿ ತೋರಿಸಬೇಕು. ಸಾಮಾನ್ಯವಾಗಿ ನಿಮ್ಮ ಟೇಬಲ್ ಹತ್ತಿರ ಬಿಡುವುದಿಲ್ಲ. ಹೊರಗಿನ ಸೋಫಾದಲ್ಲಿ ಅರ್ಧ ಗಂಟೆಯೋ ಒಂದು ಗಂಟೆಯೋ ಪುಕ್ಕಟೆ, ಅದು ಮೀರಿದರೆ ಅವರ ಲೆಕ್ಕದಲ್ಲೂ ನಿಮಗೆ ಒಂದು ಡೇ ಪಾಸ್ ಬೀಳಬಹುದು. ಬಸ್ಸಿಗೆ ಬೇಗ ಬಂದು ಎರಡು ಗಂಟೆ ಕಾಯುವ ಅಂಗಡಿಯವರು, ಜೊತೆಗೆ ಅವರ ತಮ್ಮ. ನಿಮ್ಮ ಬಿಲ್ಲಿನಲ್ಲಿ 500 ರೂಪಾಯಿ!

ಮೀಟಿಂಗ್ ರೂಮಿನೊಳಗಿನ ಅತಿಥಿಗೆ ಬೇರೆ ದುಡ್ಡು ಇದೆಯೇ, ಎಷ್ಟು ಜನರವರೆಗೆ, ಇವನ್ನು ಬರೆಸಿಕೊಳ್ಳಿ. ಶಾಲೆ ಬೇಗ ಬಿಟ್ಟರೆ ಮಗುವನ್ನು ಒಂದು ಗಂಟೆ ಪಕ್ಕದಲ್ಲಿ ಕೂರಿಸಿಕೊಳ್ಳಬಹುದೇ ಅಂತಲೂ ಕೇಳಿ. ಹೆಚ್ಚಿನ ಕಡೆ ಇಲ್ಲ ಅನ್ನುತ್ತಾರೆ. ಗೊತ್ತಿದ್ದರೆ ಅತ್ತೆಗೋ ಪಕ್ಕದ ಮನೆಯವರಿಗೋ ಮೊದಲೇ ಹೇಳಿಡಬಹುದು.

ಹಾಗಾದ್ರೆ ಯಾವುದು?

ಹಾಟ್ ಡೆಸ್ಕಿನ 3,600ಕ್ಕೆ ತಿಂಗಳಿಗೆ 300 ರೂಪಾಯಿಯ ಲಾಕರ್ ಸೇರಿಸಿ, 3,900. ಇದರ ಮೇಲೆ ಶೇ 18 ಜಿಎಸ್‌ಟಿ ಬಂದರೆ 4,602. ಡೆಡಿಕೇಟೆಡ್ ಡೆಸ್ಕಿಗೆ ಜಿಎಸ್‌ಟಿ ಸೇರಿ 5,310. ಅಂತರ 708 ರೂಪಾಯಿ. ನೀವೇ ಜಿಎಸ್‌ಟಿ ನೋಂದಣಿ ಮಾಡಿಸಿರದಿದ್ದರೆ ಆ ಶೇ 18 ವಾಪಸು ಬರುವುದಿಲ್ಲ, ಅದೂ ಖರ್ಚೇ. ಹಾಗಾಗಿ ದರ ಕೇಳುವಾಗ “ಜಿಎಸ್‌ಟಿ ಸೇರಿಸಿ ಹೇಳ್ರಿ” ಅನ್ನಿ.

ಈಗ ಪ್ರಶ್ನೆ ಒಂದೇ. ಈ 708ಕ್ಕೆ ನಿಮಗೆ ಸಿಗುವುದೇನು? ಎಂಟು ಅಂಗಡಿಯ ಫೈಲು ಲಾಕರಿನಲ್ಲಿ ಹಿಡಿಸುತ್ತವೆ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬರುತ್ತದೆ ಅನ್ನುವುದಾದರೆ ಏನೂ ಇಲ್ಲ. ನಮ್ಮ ಗೃಹಿಣಿಗೆ ಹಾಟ್ ಡೆಸ್ಕ್ ಸಾಕು. ಡೆಸ್ಕ್‌ಟಾಪ್ ಕಂಪ್ಯೂಟರು, ಪ್ರಿಂಟರು ಇಟ್ಟು ಕೆಲಸ ಮಾಡುವವರಿಗೆ, ಅಥವಾ ಪಕ್ಕದವರ ಕಣ್ಣಿಗೆ ಬೇರೆಯವರ ಲೆಕ್ಕ ಬೀಳಬಾರದು ಅನ್ನುವವರಿಗೆ ಗೋಡೆ ಬದಿಯ ಮೀಸಲು ಟೇಬಲ್ 708ಕ್ಕೆ ದುಬಾರಿಯಲ್ಲ.

ಮೊದಲ ತಿಂಗಳು ಡೇ ಪಾಸಿನಲ್ಲೇ ಹೋಗಿ. ಹೋದ ದಿನ, ರೂಮಿನ ಗಂಟೆ, ಬಂದ ಅತಿಥಿಗಳು, ಈ ಮೂರನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ತಿಂಗಳ ಕೊನೆಗೆ ಆ ಹಾಳೆ ಹಿಡಿದುಕೊಂಡು ದರಪಟ್ಟಿ ಎದುರು ಕೂತರೆ, ಯಾವ ಟೇಬಲ್ ಅನ್ನುವುದನ್ನು ಯಾರನ್ನೂ ಕೇಳಬೇಕಾಗಿಲ್ಲ.

ಸಹಿ ಹಾಕುವ ಮುನ್ನ ಕೇಳಿ
* ಕರೆಂಟು ಹೋದರೆ ಫ್ಯಾನು, ಇಂಟರ್‌ನೆಟ್ ಎಷ್ಟು ಹೊತ್ತು ನಡೆಯುತ್ತವೆ?
* ಬಾಗಿಲು ಎಷ್ಟಕ್ಕೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ? ಭಾನುವಾರ?
* ಮೀಟಿಂಗ್ ರೂಮಿನ ಬುಕಿಂಗ್ ಅರ್ಧ ಗಂಟೆಗೆ ಸಿಗುತ್ತದೆಯೇ?
* ಡಿಪಾಸಿಟ್ ಎಷ್ಟು, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು?
* ಹಾಟ್ ಡೆಸ್ಕಿನಿಂದ ಡೆಡಿಕೇಟೆಡ್‌ಗೆ, ಅಲ್ಲಿಂದ ಇಲ್ಲಿಗೆ ತಿಂಗಳ ನಡುವೆ ಬದಲಿಸಬಹುದೇ?