‘ಉಪ್’ ಅಂದ್ರ ಏನ್ರಿ?

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿಯ ಒಂದು ಆನ್‌ಲೈನ್ ಮಾರಾಟ ಕಂಪನಿಯಲ್ಲಿ ವಸ್ತುಗಳ ವಿವರಣೆ ತಿದ್ದುವ ವಿಭಾಗದಲ್ಲಿ ನನ್ನ ಕೆಲಸ. ದಿನಕ್ಕೆ ಎಷ್ಟೋ ಕುಕ್ಕರ್, ಚಪ್ಪಲಿ, ಬೆಡ್‌ಶೀಟುಗಳ ವಿವರಣೆಯನ್ನು ಇಂಗ್ಲಿಷಿನಲ್ಲಿ ಕತ್ತರಿಸಿ ಅಳತೆಗೆ ಕೂರಿಸುತ್ತೇನೆ. ಹಾಗಾಗಿ ಧಾರವಾಡದಿಂದ ವೈನಿ (ಅಣ್ಣನ ಹೆಂಡತಿಗೆ ನಮ್ಮ ಕಡೆ ಹಾಗನ್ನುತ್ತೇವೆ) ಫೋನ್ ಮಾಡಿದಾಗ, ಇದೇನು ಐದು ನಿಮಿಷದ ಕೆಲಸ ಎಂದುಕೊಂಡೆ.

‘ಉಪ್ ಅಂದ್ರ ಏನ್ರಿ? ನಾ ಹಂಗ ಬರದೇ ಇಲ್ಲ’ ಅಂದರು.

ವೈನಿ ಎರಡು ವರ್ಷದಿಂದ ಮನೆಯಲ್ಲೇ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಮಾರುತ್ತಾರೆ. ಮೊದಲು ವಾಟ್ಸ್‌ಆ್ಯಪಿನಲ್ಲಿ ಗುರುತಿನವರಿಗೆ ಮಾತ್ರ. ಆಮೇಲೆ ಹೊರ ರಾಜ್ಯದ ಕನ್ನಡಿಗರಿಗೆ ಊರಿನ ತಿಂಡಿ ಕಳಿಸುವ ಒಂದು ಸಣ್ಣ ಜಾಲತಾಣದಲ್ಲಿ ಅಂಗಡಿ ತೆರೆದರು. ಅಲ್ಲಿ ಒಂದು ವಸ್ತುವಿನ ವಿವರಣೆಗೆ 200 ಅಕ್ಷರ ಮಿತಿ. ಹೆಚ್ಚಾದರೆ ತಾಣ ಏನೂ ಹೇಳುವುದಿಲ್ಲ, ಸುಮ್ಮನೆ ಕತ್ತರಿಸಿಬಿಡುತ್ತದೆ. ಅವರು ಬರೆದದ್ದು ಇದು:

‘ನಮ್ಮ ಅಜ್ಜಿಯ ಕಾಲದಿಂದ ಬಂದ ಸಾಂಪ್ರದಾಯಿಕ ರುಚಿ! ಧಾರವಾಡದ ಮನೆಯಲ್ಲಿ ಪ್ರೀತಿಯಿಂದ, ಶುದ್ಧವಾಗಿ ತಯಾರಿಸಿದ ಶೇಂಗಾ ಹಿಂಡಿ. ಆಯ್ದ ಉತ್ತಮ ಗುಣಮಟ್ಟದ ಶೇಂಗಾ ಹುರಿದು, ಸಿಪ್ಪೆ ತೆಗೆದು, ಬ್ಯಾಡಗಿ ಮೆಣಸಿನಕಾಯಿ ಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿದ್ದು. ಮಿಕ್ಸರ್ ಬಳಸಿಲ್ಲ. ಯಾವುದೇ ಬಣ್ಣ, ರಾಸಾಯನಿಕ ಇಲ್ಲ. ಜೋಳದ ರೊಟ್ಟಿ, ಚಪಾತಿ, ದೋಸೆ, ಅನ್ನ, ಎಲ್ಲದಕ್ಕೂ ಸೂಪರ್. ಮೊಸರು ಅಥವಾ ಎಣ್ಣೆ ಹಾಕಿ ಕಲಸಿ ತಿನ್ನಿ. ಒಣ ಚಮಚ ಬಳಸಿದರೆ ಎರಡು ತಿಂಗಳು ಕೆಡುವುದಿಲ್ಲ. 250 ಗ್ರಾಂ ಪ್ಯಾಕ್. ಒಮ್ಮೆ ತಿಂದರೆ ಮತ್ತೆ ಮತ್ತೆ ಬೇಕೆನಿಸುವ ಉತ್ತರ ಕರ್ನಾಟಕದ ಸವಿರುಚಿ!’

ಪರದೆಯ ಮೇಲೆ ಇದು ‘ಬೆಳ್ಳುಳ್ಳಿ, ಜೀರಿಗೆ, ಉಪ್’ ಎನ್ನುವಲ್ಲಿ ನಿಂತುಬಿಟ್ಟಿತ್ತು. ‘ಉಪ್ಪು’ ಎಂಬ ಎರಡಕ್ಷರದ ಪದದ ನಡುವೆ ಕತ್ತರಿ ಹೇಗೆ ಬಿತ್ತು ಎಂದು ವೈನಿಗೆ ಸೋಜಿಗ. ನನಗೂ ಅದನ್ನು ವಿವರಿಸಲು ಸ್ವಲ್ಪ ಹೊತ್ತು ಬೇಕಾಯಿತು. ನಾವು ಶಾಲೆಯಲ್ಲಿ ಕಲಿತ ಅಕ್ಷರವೇ ಬೇರೆ, ಕಂಪ್ಯೂಟರ್ ಎಣಿಸುವ ಅಕ್ಷರವೇ ಬೇರೆ. ಅದಕ್ಕೆ ಗುಣಿತದ ಚಿಹ್ನೆ ಒಂದು, ಸೊನ್ನೆ ಒಂದು, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆಯೂ ಒಂದು. ‘ಬೆಳ್ಳುಳ್ಳಿ’ ನಮಗೆ ಮೂರಕ್ಷರ, ಅದಕ್ಕೆ ಹತ್ತು. ‘ಸಾಂಪ್ರದಾಯಿಕ’ ಹನ್ನೊಂದು. ‘ಉಪ್ಪು’ ಐದು, ಅದರಲ್ಲಿ ಮೂರು ಮುಗಿಯುವಾಗ ಇನ್ನೂರು ತುಂಬಿತ್ತು. ‘ಆನ್‌ಲೈನ್’ ಥರದ ಪದಗಳ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಅದೂ ಲೆಕ್ಕಕ್ಕೆ ಬರುತ್ತದೆ. ಎಸ್‌ಎಂಎಸ್ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ ಹಿಡಿಯುತ್ತದೆ. ಇಲ್ಲಿ ಮಿತಿ ಒಂದೇ ಆದರೂ ನಮ್ಮ ಪದಗಳು ಬೇಗ ಜಾಗ ತಿನ್ನುತ್ತವೆ.

ಆದ್ದರಿಂದ ಬೆರಳು ಮಡಚಿ ಎಣಿಸುವುದು ಬೇಡ. ಗೂಗಲ್ ಶೀಟ್‌ನ A2 ಮನೆಯಲ್ಲಿ ಬರಹ ಅಂಟಿಸಿ ಪಕ್ಕದ ಮನೆಯಲ್ಲಿ ಹೀಗೆ ಬರೆದರೆ ಸಾಕು:

```
=LEN(A2)
```

ವೈನಿಯ ಬರಹ 475 ಬಂತು. ಅಂದು ಸಂಜೆ ಹಡಪಸರದ ಟ್ರಾಫಿಕ್ಕಿನಲ್ಲಿ ಕ್ಯಾಬಿನೊಳಗೆ ಕೂತು, ದೊಡ್ಡ ಪರಿಣತನಂತೆ ಕತ್ತರಿಸಿದೆ:

‘ಧಾರವಾಡದ ಸಾಂಪ್ರದಾಯಿಕ ಶೇಂಗಾ ಹಿಂಡಿ. ಆಯ್ದ ಶೇಂಗಾ, ಬ್ಯಾಡಗಿ ಮೆಣಸಿನಕಾಯಿಯಿಂದ ಮನೆಯಲ್ಲೇ ಶುದ್ಧವಾಗಿ ತಯಾರಿಸಿದ್ದು. ಬಣ್ಣ, ರಾಸಾಯನಿಕ ಇಲ್ಲ. ರೊಟ್ಟಿ, ಚಪಾತಿ, ದೋಸೆ, ಅನ್ನ, ಎಲ್ಲದಕ್ಕೂ ಸೂಪರ್. ಒಮ್ಮೆ ತಿಂದರೆ ಮತ್ತೆ ಬೇಕೆನಿಸುವ ರುಚಿ!’

ಸರಿಯಾಗಿ 199. ಓದಲು ಚೆನ್ನಾಗಿಯೂ ಇತ್ತು. ವೈನಿ ಖುಷಿಪಟ್ಟು ಹಾಕಿದರು.

ಮೂರು ವಾರ ಕಳೆದಿರಬೇಕು. ಶ್ರಾವಣ. ಡೊಂಬಿವಲಿಯ ಹಿರಿಯ ಹೆಣ್ಣುಮಗಳೊಬ್ಬರು ನಾಲ್ಕು ಪ್ಯಾಕ್ ತರಿಸಿಕೊಂಡರು. ಒಡೆದರೆ ಬೆಳ್ಳುಳ್ಳಿ ವಾಸನೆ. ಅವರ ಮನೆಯಲ್ಲಿ ಆ ತಿಂಗಳು ಬೆಳ್ಳುಳ್ಳಿ ಒಳಗೆ ಬರುವಂತಿಲ್ಲ. ಪ್ಯಾಕಿನ ಹಿಂದೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇತ್ತು, ತಾಣದಲ್ಲೂ ಕೆಳಗೆ ಎಲ್ಲೋ ಇತ್ತು. ಆದರೆ ಅವರು ಓದಿದ್ದು ನಾನು ಬರೆದ ಐದು ವಾಕ್ಯ. ತಿನ್ನುವ ವಸ್ತು ವಾಪಸ್ ತೆಗೆದುಕೊಳ್ಳುವಂತಿಲ್ಲ, ವೈನಿ ನಾಲ್ಕೂ ಪ್ಯಾಕಿನ ದುಡ್ಡು ಮರಳಿಸಿದರು. ಆದರೂ ಒಂದು ನಕ್ಷತ್ರ ಉಳಿಯಿತು, ಜೊತೆಗೆ ‘ಬೆಳ್ಳುಳ್ಳಿ ಇದೆ ಎಂದು ಹೇಳದೆ ಮಾರಿದ್ದಾರೆ’ ಎಂಬ ಮಾತು. ವೈನಿಗೆ ನೋವಾದದ್ದು ದುಡ್ಡಿಗಲ್ಲ. ‘ನಾ ಹೇಳಿದ್ದೆ ಅಲ್ರಿ’ ಅಂದರು. ನಿಜ. ಯಂತ್ರ ಕುರುಡಾಗಿ ಕತ್ತರಿಸಿದಾಗ ಬೆಳ್ಳುಳ್ಳಿ ಉಳಿದಿತ್ತು. ತೆಗೆದವನು ನಾನು.

ಆ ಭಾನುವಾರ ಇಬ್ಬರೂ ವಿಡಿಯೋ ಕಾಲ್‌ನಲ್ಲಿ ಕೂತೆವು. ಮೊದಲು ವೈನಿಯ ವಾಟ್ಸ್‌ಆ್ಯಪ್ ತೆಗೆಸಿದೆ. ಕೊಳ್ಳುವ ಮುಂಚೆ ಜನ ಏನು ಕೇಳುತ್ತಾರೆ? ಬೆಳ್ಳುಳ್ಳಿ ಇದೆಯಾ, ಖಾರ ಎಷ್ಟು, ಎಷ್ಟು ದಿನ ಇರುತ್ತದೆ, ಇಷ್ಟು ಕೆಂಪಗಿದೆಯಲ್ಲ ಬಣ್ಣ ಹಾಕಿದ್ದೀರಾ. ಸುತ್ತಿ ಬಳಸಿ ಇವೇ ನಾಲ್ಕು. ಅಜ್ಜಿಯ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಹೈದರಾಬಾದಿನಲ್ಲಿರುವ ಮೈಸೂರು ಕಡೆಯ ಹುಡುಗನೊಬ್ಬ ಮಾತ್ರ ‘ಹಿಂಡಿ ಅಂದ್ರೆ ದನಕ್ಕೆ ಹಾಕೋದಲ್ವಾ ಆಂಟಿ?’ ಎಂದು ಕೇಳಿದ್ದ. ಅವನದು ತಪ್ಪಲ್ಲ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯೇ ಆ ಕಡೆಯವರಿಗೆ ಗೊತ್ತಿರುವುದು. ನಮಗೆ ಕೇಳಿದೊಡನೆ ಬಾಯಲ್ಲಿ ನೀರೂರುವ ಪದ ಅವರಿಗೆ ಕೊಟ್ಟಿಗೆಯ ಪದ. ಹಾಗಾಗಿ ಮೊದಲು ಎಲ್ಲರಿಗೂ ತಿಳಿಯುವ, ಹುಡುಕುವಾಗ ಟೈಪ್ ಮಾಡುವ ‘ಚಟ್ನಿ ಪುಡಿ’ ಬರಬೇಕು, ‘ಹಿಂಡಿ’ ನಂತರ ಬಂದರೆ ಸಾಕು ಎಂದಾಯಿತು.

ಆಮೇಲೆ ಹೊಗಳಿಕೆಗಳನ್ನು ಹಿಡಿದೆವು. ಕಚೇರಿಯಲ್ಲಿ ಹೊಸಬರಿಗೆ ನಾನೇ ಹೇಳಿಕೊಡುವ ಒಂದು ಪರೀಕ್ಷೆ ಇದೆ: ಆ ಮಾತಿನ ವಿರುದ್ಧವನ್ನು ಯಾವುದಾದರೂ ಅಂಗಡಿ ಬರೆದೀತೇ? ‘ಅಶುದ್ಧವಾಗಿ ತಯಾರಿಸಿದ್ದು’ ಎಂದು ಯಾರೂ ಬರೆಯುವುದಿಲ್ಲ, ಹಾಗಾದರೆ ‘ಶುದ್ಧವಾಗಿ’ ಎಂಬುದು ಏನನ್ನೂ ಹೇಳುವುದಿಲ್ಲ. ‘ಬೆಳ್ಳುಳ್ಳಿ ಹಾಕದ್ದು’, ‘ಗಿರಣಿಯಲ್ಲಿ ನುಣ್ಣಗೆ ಬೀಸಿದ್ದು’ ಎಂದು ಬರೆಯುವವರಿದ್ದಾರೆ, ಹಾಗಾಗಿ ಬೆಳ್ಳುಳ್ಳಿ, ಒರಳು ಎರಡೂ ಉಳಿಯಬೇಕು. ನನ್ನದೇ 199ರಲ್ಲಿ ‘ಸಾಂಪ್ರದಾಯಿಕ’ಕ್ಕೆ 11, ‘ಶುದ್ಧವಾಗಿ’ಗೆ 9, ‘ಒಮ್ಮೆ ತಿಂದರೆ’ ವಾಕ್ಯಕ್ಕೆ 34, ಒಟ್ಟು 54 ಅಕ್ಷರ ಹೋಗಿದ್ದವು. ಬೆಳ್ಳುಳ್ಳಿಗೆ ಬೇಕಿದ್ದದ್ದು ಹತ್ತು.

ತೂಕ, ಎಂಆರ್‌ಪಿ, ಆಹಾರ ಪರವಾನಗಿ ಸಂಖ್ಯೆಗೆ ತಾಣದಲ್ಲಿ ಬೇರೆ ಕಾಲಂಗಳೇ ಇವೆ, 250 ಗ್ರಾಂ ಇಲ್ಲಿ ಮತ್ತೆ ಬೇಡ. ‘ಒರಳಿನಲ್ಲಿ ಕುಟ್ಟಿದ್ದು’ ಎಂದ ಮೇಲೆ ‘ಮಿಕ್ಸರ್ ಬಳಸಿಲ್ಲ’ವೂ ಬೇಡ. ಆದರೆ ಒರಳಿನಿಂದ ತಿನ್ನುವವರಿಗೆ ಏನಾಗುತ್ತದೆ? ಮಿಕ್ಸರಿನ ಬಿಸಿಗೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಕುಟ್ಟಿದರೆ ತರಿ ಉಳಿಯುತ್ತದೆ. ಅದಕ್ಕೆ ‘ತರಿತರಿ’ ಸೇರಿಸಿದೆವು. ಖಾರದ ಬಗ್ಗೆ ಸ್ವಲ್ಪ ಜಗಳವೇ ಆಯಿತು. ಬ್ಯಾಡಗಿ ಬಣ್ಣಕ್ಕೆ ಹೆಸರಾದ ಮೆಣಸಿನಕಾಯಿ, ಖಾರ ಕಡಿಮೆ. ವೈನಿಯ ಪ್ರಕಾರ ಹಿಂಡಿ ‘ಸಪ್ಪಗ’. ಆದರೆ ಕೊಳ್ಳುವವರಲ್ಲಿ ಮಂಗಳೂರು, ಮೈಸೂರಿನವರೂ ಇದ್ದಾರೆ, ಪುಣೆಯಲ್ಲೇ ಹುಟ್ಟಿದ ಮಕ್ಕಳೂ ಇದ್ದಾರೆ. ‘ಮಧ್ಯಮ ಖಾರ’ಕ್ಕೆ ರಾಜಿಯಾದೆವು. ‘ಬ್ಯಾಡಗಿ’ಯ ಪಕ್ಕದಲ್ಲೇ ‘ಬಣ್ಣ ಇಲ್ಲ’ ಇಟ್ಟರೆ ಕೆಂಪಿನ ಗುಮಾನಿಗೆ ಅಲ್ಲೇ ಉತ್ತರ ಸಿಗುತ್ತದೆ.

ಇಷ್ಟೆಲ್ಲ ಕೂಡಿಸಿದರೆ 204 ಬಂತು. ನಾಲ್ಕು ಹೆಚ್ಚು. ‘ಮೆಣಸಿನಕಾಯಿ’ಯನ್ನು ‘ಮೆಣಸು’ ಮಾಡಿದರೆ ಐದು ಉಳಿಯುತ್ತದೆ ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು, ಬೆಂಗಳೂರು ಕಡೆ ಮೆಣಸು ಅಂದರೆ ಕಾಳುಮೆಣಸು. ಹಿಂಡಿಯ ಪಾಠ ಕಲಿತು ಹತ್ತು ನಿಮಿಷವಾಗಿರಲಿಲ್ಲ! ಕೊನೆಗೆ ವೈನಿಯೇ ‘ಉಪ್ಪು, ಜೀರಿಗಿ ನೋಡಿ ಯಾರ ತಗೋತಾರ್ರಿ? ತಗೀರಿ’ ಅಂದರು. ಅವೆರಡೂ ಹೋದಾಗ 189. ಉಳಿದ ಜಾಗದಲ್ಲಿ ನೇತಾಡುತ್ತಿದ್ದ ಕೊನೆಯ ವಾಕ್ಯಕ್ಕೆ ಕ್ರಿಯಾಪದವೂ ಸಿಕ್ಕಿತು:

‘ಶೇಂಗಾ ಚಟ್ನಿ ಪುಡಿ, ಬೆಳ್ಳುಳ್ಳಿ ಹಾಕಿದ್ದು. ಧಾರವಾಡದ ಮನೆಯ ಒರಳಿನಲ್ಲಿ ಕುಟ್ಟಿದ ಶೇಂಗಾ ಹಿಂಡಿ: ತರಿತರಿ, ಮಧ್ಯಮ ಖಾರ. ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಇಲ್ಲ. ಮೊಸರು ಅಥವಾ ಎಣ್ಣೆ ಕಲಸಿ ರೊಟ್ಟಿಗೆ. ಒಣ ಚಮಚ ಬಳಸಿದರೆ 2 ತಿಂಗಳು ಇರುತ್ತದೆ.’

198. ‘ಎರಡು’ ಎಂಬುದನ್ನು ಅಂಕಿಯಲ್ಲಿ ಬರೆದದ್ದರಿಂದಲೇ ಮೂರು ಉಳಿದವು. ಮೊದಲ ವಾಕ್ಯ 38 ಅಕ್ಷರ. ಹುಡುಕಾಟದ ಪಟ್ಟಿಯಲ್ಲಿ ನನ್ನ ಫೋನು ತೋರಿಸುವುದು ಹೆಚ್ಚು ಕಡಿಮೆ ಅಷ್ಟನ್ನೇ. ಒಳಗೆ ಹೋಗಿ ಓದದವರಿಗೂ ಬೆಳ್ಳುಳ್ಳಿ ಕಾಣಬೇಕು ಎಂದು ಅದನ್ನು ಅಲ್ಲಿಟ್ಟಿದ್ದು. ಬೆಳ್ಳುಳ್ಳಿ ತಿನ್ನದವರು ಅದನ್ನು ನೋಡಿ ಮುಂದೆ ಹೋಗುತ್ತಾರೆ. ಮಾರಾಟ ಕಡಿಮೆಯಾದೀತು ಎಂದು ವೈನಿಗೆ ಅಳುಕಿತ್ತು. ನಾಲ್ಕು ಪ್ಯಾಕಿನ ದುಡ್ಡು ಮರಳಿಸಿದ್ದನ್ನು ನೆನಪಿಸಿದೆ. ಆಮೇಲೆ ಆ ಮಾತು ಎತ್ತಲಿಲ್ಲ.

ಈಚೆಗೆ ಡೊಂಬಿವಲಿಯ ಅದೇ ಹೆಣ್ಣುಮಗಳು ಫೋನ್ ಮಾಡಿ, ಬೆಳ್ಳುಳ್ಳಿ ಹಾಕದೆ ಮಾಡಿಕೊಟ್ಟರೆ ತಾವೂ ತಮ್ಮ ಓಣಿಯವರೂ ತರಿಸಿಕೊಳ್ಳುತ್ತೇವೆ ಎಂದರಂತೆ. ‘ಹಾಕಿದ್ದು’ ತೆಗೆದು ‘ಇಲ್ಲದ್ದು’ ಹಾಕಿದರಾಯಿತು, ಎರಡೂ ಎಂಟೆಂಟೇ ಅಕ್ಷರ ಎಂದೆ. ವೈನಿ ಒಪ್ಪಲಿಲ್ಲ. ಅದೇ ಒರಳಿನಲ್ಲಿ ಕುಟ್ಟಿದರೆ ಎಷ್ಟು ತೊಳೆದರೂ ವಾಸನೆ ಉಳಿಯುತ್ತದೆ, ಒರಳು ಬೇರೆಯದೇ ಬೇಕು, ಹಾಗಂತ ಬರೆಯಲೂಬೇಕು. ‘ಧಾರವಾಡದಲ್ಲಿ ಬೇರೆ ಒರಳಿನಲ್ಲಿ ಕುಟ್ಟಿದ’ ಎಂದು ತಿದ್ದಿದರೆ 202. ‘ಇಲ್ಲದ್ದು’ವನ್ನು ‘ಇಲ್ಲ’ ಮಾಡಿದೆ, ಮತ್ತೆ 198.

ಬರಹ ಸಿದ್ಧವಾಗಿ ನನ್ನ ಶೀಟಿನಲ್ಲಿ ಕೂತಿದೆ. ವೈನಿ ಮಾತ್ರ ‘ಒರಳು ಇನ್ನೂ ಮನಿಗೆ ಬಂದಿಲ್ರಿ, ಬರೂತನಕ ಹಾಕಬ್ಯಾಡ್ರಿ’ ಅಂದಿದ್ದಾರೆ.