ಕುಡಿದು ಮಲಗಿದವನ ಶುಗರ್ ಎಷ್ಟಿದೆ?

ನಲವತ್ತರ ಆಸುಪಾಸಿನ ಒಬ್ಬ ಸೆಂಟ್ರಿಂಗ್ ಕೆಲಸಗಾರನನ್ನು ಕಲ್ಪಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇಲ್ಲ, ಯಾವ ಮಾತ್ರೆಯನ್ನೂ ನುಂಗುವವನಲ್ಲ. ಶನಿವಾರ ರಾತ್ರಿ 9ಕ್ಕೆ ಉಂಡದ್ದೇ ಕೊನೆಯ ಊಟ. ಭಾನುವಾರ ಬೆಳಿಗ್ಗೆ ಒಂದು ಚಹಾ, ಮಧ್ಯಾಹ್ನ ಇನ್ನೊಂದು. ಸಂಜೆ 7ಕ್ಕೆ ವೈನ್ ಶಾಪ್ ಪಕ್ಕದಲ್ಲಿ ನಿಂತುಕೊಂಡೇ ಒಂದು ಕ್ವಾರ್ಟರ್ ವಿಸ್ಕಿ, ಅದರ ಮೇಲೊಂದು ನೈಂಟಿ. ನಂಚಿಕೊಳ್ಳಲು ಉಪ್ಪಿನಕಾಯಿ. ಮನೆಗೆ ಬಂದವನು ‘ಹಸಿವಿಲ್ಲ’ ಎಂದು ಹಾಗೇ ಮಲಗಿದ. ರಾತ್ರಿ 3ರ ಹೊತ್ತಿಗೆ ಹೆಂಡತಿ ಎದ್ದು ನೋಡುತ್ತಾಳೆ: ಮೈಯೆಲ್ಲ ತಣ್ಣನೆಯ ಬೆವರು, ಏನೋ ತೊದಲುತ್ತಿದ್ದಾನೆ, ಅಲುಗಾಡಿಸಿದರೂ ಕಣ್ಣು ಬಿಡುವುದಿಲ್ಲ. ‘ಜಾಸ್ತಿ ಆಗಿದೆ, ಬೆಳಿಗ್ಗೆ ಇಳಿಯುತ್ತೆ ಬಿಡಮ್ಮ’ ಎನ್ನುತ್ತಾಳೆ ಅತ್ತೆ.

ಅತ್ತೆಯ ಲೆಕ್ಕ ಬಹಳ ಸಲ ಸರಿಯೇ ಇರುತ್ತದೆ. ಆದರೆ ಇವನ ವಿಷಯದಲ್ಲಿ ಬೇರೊಂದು ಲೆಕ್ಕವೂ ನಡೆಯುತ್ತಿದೆ, ಅದು ಯಕೃತ್ತಿನದು.

ನಮ್ಮ ಮಿದುಳಿಗೆ ಗಂಟೆಗೆ ಸುಮಾರು 5 ಗ್ರಾಂ ಗ್ಲೂಕೋಸ್ ಬೇಕು, ನಿದ್ದೆಯಲ್ಲಿದ್ದರೂ ಬೇಕು. ಉಂಡ ಕೆಲವು ಗಂಟೆಗಳವರೆಗೆ ಅದು ಅನ್ನ, ಮುದ್ದೆ, ಚಪಾತಿಯಿಂದಲೇ ಬರುತ್ತದೆ. ಆಮೇಲೆ ಕೊಡುವ ಹೊಣೆ ಮುಖ್ಯವಾಗಿ ಯಕೃತ್ತಿನದು. ಯಕೃತ್ತು ಇದನ್ನು ಎರಡು ಬಗೆಯಲ್ಲಿ ನಿಭಾಯಿಸುತ್ತದೆ. ಮೊದಲನೆಯದು ಗ್ಲೈಕೋಜನ್ ಎಂಬ ಕಣಜ. ಚೆನ್ನಾಗಿ ಉಂಡವರಲ್ಲಿ ಸುಮಾರು 100 ಗ್ರಾಂ ದಾಸ್ತಾನಿರುತ್ತದೆ. ಊಟವಿಲ್ಲದೆ ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಅದು ಬಹುಪಾಲು ಬರಿದಾಗುತ್ತದೆ. ಮೈಮುರಿದು ದುಡಿಯುವವರಲ್ಲಿ, ಮೊದಲೇ ಸರಿಯಾಗಿ ಊಟ ಮಾಡದೆ ಬಡಕಲಾದವರಲ್ಲಿ ಇನ್ನೂ ಬೇಗ. ಎರಡನೆಯ ದಾರಿ ಹೊಸದಾಗಿ ತಯಾರಿಸುವುದು. ಸ್ನಾಯುಗಳಿಂದ ಬರುವ ಲ್ಯಾಕ್ಟೇಟ್, ಪ್ರೋಟೀನಿನ ತುಣುಕುಗಳು, ಕೊಬ್ಬಿನಿಂದ ಬಿಡುಗಡೆಯಾದ ಗ್ಲಿಸರಾಲ್, ಇವನ್ನೇ ಬಳಸಿ ಯಕೃತ್ತು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಏಕಾದಶಿಗೆ ನಿರಾಹಾರ ಇದ್ದವರು ಕುಸಿದು ಬೀಳದಿರುವುದು ಈ ಎರಡನೆಯ ದಾರಿಯ ದಯೆಯಿಂದ.

ಮದ್ಯ ಮುಚ್ಚಿಹಾಕುವುದು ಇದನ್ನೇ.

ಮದ್ಯವನ್ನು ದೇಹ ಕೂಡಿಡಲಾರದು. ಯಕೃತ್ತು ಅದನ್ನು ಒಡೆದು ಮೊದಲು ಅಸಿಟಾಲ್ಡಿಹೈಡ್, ಆಮೇಲೆ ಅಸಿಟೇಟ್ ಮಾಡುತ್ತದೆ. ಈ ಎರಡು ಹೆಜ್ಜೆಗೂ ಎನ್‌ಎಡಿ ಎಂಬ ಸಹಾಯಕ ಅಣು ಬೇಕು. ಹೊಸ ಗ್ಲೂಕೋಸ್ ತಯಾರಿಸುವ ಕೆಲಸಕ್ಕೂ ಅದೇ ಬೇಕು. ಕುಡಿದ ಮೇಲೆ ಎನ್‌ಎಡಿ ಎಲ್ಲ ಮದ್ಯದ ಕಡೆಗೇ ಖರ್ಚಾಗಿ ರೂಪ ಬದಲಿಸಿಕೊಳ್ಳುತ್ತದೆ. ಆಗ ಲ್ಯಾಕ್ಟೇಟ್ ಮುಂದಕ್ಕೆ ಹೋಗಿ ಗ್ಲೂಕೋಸ್ ಆಗುವ ಬದಲು ಲ್ಯಾಕ್ಟೇಟ್ ಆಗಿಯೇ ಉಳಿದು ರಕ್ತದಲ್ಲಿ ಸೇರಿಕೊಳ್ಳುತ್ತದೆ. ಹಾಗಾದರೆ ಮದ್ಯದಿಂದಲೇ ಗ್ಲೂಕೋಸ್ ಮಾಡಿಕೊಳ್ಳಬಾರದೇ? ಆಗದು. ಮದ್ಯದಲ್ಲಿ ಗ್ರಾಂಗೆ 7 ಕ್ಯಾಲೊರಿ ಇದೆ, ಹೊಟ್ಟೆ ತುಂಬಿದ ಹಾಗೂ ಅನ್ನಿಸುತ್ತದೆ, ಆದರೆ ಅದರಿಂದ ಬರುವ ಅಸಿಟೇಟನ್ನು ನಮ್ಮ ದೇಹ ಗ್ಲೂಕೋಸ್ ಆಗಿ ಮಾರ್ಪಡಿಸಲಾರದು.

ಈಗ ಆ ಕೆಲಸಗಾರನ ಕಡೆಗೆ ಬರೋಣ. ಕ್ವಾರ್ಟರ್ ಎಂದರೆ 180 ಮಿ.ಲೀ., ನೈಂಟಿ ಸೇರಿ 270. ವಿಸ್ಕಿಯಲ್ಲಿ ಶೇ 42.8ರಷ್ಟು ಮದ್ಯಸಾರ ಇರುವುದರಿಂದ ಒಳಗೆ ಹೋದದ್ದು ಸುಮಾರು 90 ಗ್ರಾಂ. ಸಾಮಾನ್ಯ ಯಕೃತ್ತು ಗಂಟೆಗೆ 7ರಿಂದ 10 ಗ್ರಾಂ ಒಡೆಯಬಲ್ಲದು. ಅಂದರೆ ಒಂಬತ್ತು ಗಂಟೆಗೂ ಮೀರಿ, ಬೆಳಗಿನ ಜಾವ ದಾಟುವವರೆಗೂ ಅದಕ್ಕೆ ಇದೇ ಕೆಲಸ. ಬಾಟಲಿ ಬಿಚ್ಚುವಾಗಲೇ ಅವನು ಉಂಡು 22 ಗಂಟೆ ಆಗಿತ್ತು. ಎರಡು ಚಹಾದ ಸಕ್ಕರೆ ಯಾವ ಲೆಕ್ಕಕ್ಕೂ ಇಲ್ಲ. ಕಣಜ ಖಾಲಿ, ತಯಾರಿಕೆ ಬಹುತೇಕ ಬಂದ್, ಮಿದುಳಿನ ಬೇಡಿಕೆ ಮಾತ್ರ ಎಂದಿನಂತೆ. ಇಂಥವರ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದು, 54 ದಾಟಿ, ಕೆಲವೊಮ್ಮೆ 30ರ ಆಸುಪಾಸಿಗೂ ಹೋಗಬಹುದು. ಕುಡಿದ ಕೂಡಲೇ ಅಲ್ಲ, ಸಾಮಾನ್ಯವಾಗಿ 6 ಗಂಟೆಯಿಂದ ಒಂದೂವರೆ ದಿನದೊಳಗೆ. ಅಷ್ಟು ಹೊತ್ತಿಗೆ ಮನೆಯವರು ಕುಡಿತದ ವಿಷಯವನ್ನೇ ಮರೆತಿರಬಹುದು.

ಇದು ಕಳ್ಳ ಸಾರಾಯಿಯ ಕಲಬೆರಕೆಯಿಂದ ಆಗುವುದು ಎಂದು ಯಾರಾದರೂ ಹೇಳಿದರೆ, ವೈದ್ಯರಿಗೂ ಒಂದು ಕಾಲದಲ್ಲಿ ಆ ಅನುಮಾನ ಇತ್ತು. 1941ರಲ್ಲಿ ಅಮೆರಿಕದ ಇಬ್ಬರು ವೈದ್ಯರು ‘ಸ್ಮೋಕ್’ ಎಂಬ ಅಗ್ಗದ, ಕೈಗಾರಿಕಾ ಮದ್ಯಸಾರದ ಪೇಯ ಕುಡಿದು ಪ್ರಜ್ಞೆ ತಪ್ಪಿದವರಲ್ಲಿ ಸಕ್ಕರೆ ಕುಸಿದಿರುವುದನ್ನು ವರದಿ ಮಾಡಿದ್ದರು. ತಪ್ಪು ಕಲಬೆರಕೆಯದಲ್ಲ, ಮದ್ಯದ್ದೇ ಎಂದು ಖಚಿತವಾದದ್ದು 1963ರಲ್ಲಿ. ನಾರ್ಬರ್ಟ್ ಫ್ರೈಂಕೆಲ್ ಮತ್ತು ಸಂಗಡಿಗರು ಉಪವಾಸ ಇದ್ದವರಿಗೆ ಶುದ್ಧ ಮದ್ಯಸಾರವನ್ನೇ ಕೊಟ್ಟು ಅದೇ ಸ್ಥಿತಿಯನ್ನು ಮತ್ತೆ ಉಂಟುಮಾಡಿ ತೋರಿಸಿದರು. ದುಬಾರಿ ಸ್ಕಾಚ್ ಕುಡಿದವರಿಗೂ ಇದರಿಂದ ವಿನಾಯಿತಿ ಇಲ್ಲ.

ಹಾಗೆಂದು ಕುಡಿದವರಿಗೆಲ್ಲ ಹೀಗಾಗುವುದಿಲ್ಲ. ಹೊಟ್ಟೆ ತುಂಬ ಉಂಡು ಒಂದೆರಡು ಪೆಗ್ ಹಾಕುವ ಆರೋಗ್ಯವಂತರಲ್ಲಿ ಇದು ಅಪರೂಪ. ಅಪಾಯ ಇರುವುದು ದಿನವಿಡೀ ಊಟ ಬಿಟ್ಟು ಸಂಜೆ ಕುಡಿಯುವವರಿಗೆ, ಊಟದ ಜಾಗದಲ್ಲಿ ಮದ್ಯವನ್ನೇ ಇಟ್ಟುಕೊಂಡು ದಿನಗಟ್ಟಲೆ ಕುಡಿಯುವವರಿಗೆ, ವಾಂತಿಯಾಗಿ ಏನೂ ನಿಲ್ಲದವರಿಗೆ, ತೂಕ ಇಳಿಸಲೆಂದು ಅನ್ನ ರೊಟ್ಟಿ ಪೂರ್ತಿ ಬಿಟ್ಟು ಪಾರ್ಟಿಗೆ ಹೋಗುವವರಿಗೆ. ಚಿಕ್ಕ ಮಕ್ಕಳ ಮಾತೇ ಬೇರೆ. ಅವರ ದಾಸ್ತಾನು ಸಣ್ಣದು, ಮಿದುಳಿನ ಹಸಿವು ದೊಡ್ಡದು. ಲೋಟದ ತಳದಲ್ಲಿ ಉಳಿದ ಮದ್ಯವನ್ನೋ ಸ್ಯಾನಿಟೈಸರನ್ನೋ ಮಗು ಕುಡಿದಿದ್ದರೆ ಕಾಯುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ನಶೆ ಯಾವುದು, ಸಕ್ಕರೆ ಕುಸಿತ ಯಾವುದು ಎಂದು ಕಣ್ಣಿಂದ ನೋಡಿ ಹೇಳಲು ಬರುವುದಿಲ್ಲ. ತೊದಲು, ತೂರಾಟ, ಜಗಳಗಂಟಿತನ, ಮಂಪರು ಎರಡರಲ್ಲೂ ಇವೆ. ಒಂದು ಸುಳಿವು ಮಾತ್ರ ನೆನಪಿಡುವಂಥದ್ದು: ನಶೆ ಹೊತ್ತು ಕಳೆದಂತೆ ಇಳಿಯಬೇಕು. ಕೊನೆಯ ಗುಟುಕಿನ ನಂತರ ಗಂಟೆಗಳು ಕಳೆದರೂ ಮನುಷ್ಯ ಇನ್ನಷ್ಟು ಮಂಕಾಗುತ್ತಿದ್ದರೆ, ಮೈ ತಣ್ಣಗಾಗಿ ಬೆವರುತ್ತಿದ್ದರೆ, ಫಿಟ್ಸ್ ಬಂದರೆ ಅದು ಬರೀ ನಶೆಯಲ್ಲ. ಖಚಿತವಾಗಿ ಹೇಳಬಲ್ಲದ್ದು ಗ್ಲೂಕೋಮೀಟರ್. ಈಗ ಅದು ಎಷ್ಟೋ ಮನೆಗಳಲ್ಲಿ ಅಪ್ಪನದೋ ಅಜ್ಜಿಯದೋ ಇರುತ್ತದೆ. ಬೆರಳು ತೊಳೆದು ಒರೆಸಿ ಚುಚ್ಚಿ. ಬೆರಳಿಗೆ ಸಿಹಿ ಅಂಟಿದ್ದರೆ ಸುಳ್ಳು ಅಂಕಿ ಬರುತ್ತದೆ.

70ಕ್ಕಿಂತ ಕಡಿಮೆ ಬಂದು, ಎಚ್ಚರವಾಗಿದ್ದು ಸರಾಗವಾಗಿ ನುಂಗಬಲ್ಲವನಾದರೆ ಮೂರು ನಾಲ್ಕು ಚಮಚ ಸಕ್ಕರೆ ಕದಡಿದ ನೀರು, 15 ನಿಮಿಷ ಬಿಟ್ಟು ಮತ್ತೊಮ್ಮೆ ಪರೀಕ್ಷೆ, ಸಕ್ಕರೆ ಏರಿದ ಮೇಲೆ ಊಟ. ನಶೆ ಇಳಿಸಲು ಕೊಡುವ ಹುಳಿ ಮಜ್ಜಿಗೆ, ಉಪ್ಪು ಹಾಕಿದ ನಿಂಬೆರಸ, ಕಪ್ಪು ಕಾಫಿ ಇಲ್ಲಿ ಉಪಯೋಗವಿಲ್ಲ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಒಂದು ತೊಟ್ಟೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಡೆಕ್ಸ್‌ಟ್ರೋಸನ್ನು ನರಕ್ಕೇ ಕೊಡುತ್ತಾರೆ. ಬಹುಕಾಲದ ಕುಡುಕರಿಗೆ ಜೊತೆಯಲ್ಲೇ ಥಯಾಮಿನ್ ಎಂಬ ಬಿ1 ಜೀವಸತ್ವವೂ ಬೇಕು. ಅದರ ಕೊರತೆಯಿಂದ ಮಿದುಳಿಗೆ ಬೇರೆಯೇ ಹಾನಿಯಾಗಬಹುದು. ಸಕ್ಕರೆ ಕುಸಿದಾಗ ಕೊಡುವ ಗ್ಲುಕಗಾನ್ ಇಂಜೆಕ್ಷನ್ ಇವರಿಗೆ ಅಷ್ಟಾಗಿ ನಾಟುವುದಿಲ್ಲ. ಅದು ಕಣಜದಿಂದ ತೆಗೆದು ಕೊಡುವ ಮದ್ದು, ಕಣಜದಲ್ಲೇ ಏನೂ ಇಲ್ಲ. ಕಣ್ಣು ಬಿಟ್ಟ ಮೇಲೂ ಮದ್ಯ ಪೂರ್ತಿ ಕರಗುವವರೆಗೆ ಸಕ್ಕರೆ ಮತ್ತೆ ಬೀಳಬಹುದಾದ್ದರಿಂದ ತಕ್ಷಣ ಮನೆಗೆ ಕರೆತರುವ ಅವಸರ ಬೇಡ.

ಡಾಕ್ಟರ ಮುಂದೆ ನಿಂತಾಗ ಎಷ್ಟು ಕುಡಿದ ಎನ್ನುವುದರ ಜೊತೆಗೆ ಕೊನೆಯ ಊಟ ಯಾವಾಗ ಮಾಡಿದ್ದ ಎಂಬುದನ್ನೂ ತಪ್ಪದೆ ಹೇಳಿ. ಮದ್ಯದ ವಾಸನೆ ಬರುತ್ತಿದೆ ಎಂದು ಯಾರಾದರೂ ಮೂಲೆಗೆ ಮಲಗಿಸಲು ಹೊರಟರೆ, ಒಮ್ಮೆ ಶುಗರ್ ನೋಡಿ ಎಂದು ನೀವೇ ಕೇಳಿ.